ಅಪಠಿತ ಗದ್ಯ: ಉತ್ತರವಿರುವ ಸಾಲು ಯಾವುದು?

ಎಸ್ಸೆಸ್ಸೆಲ್ಸಿ ಕನ್ನಡ ಪ್ರಶ್ನೆಪತ್ರಿಕೆಯ ಅಪಠಿತ ಗದ್ಯಕ್ಕೆ ಉತ್ತರಿಸುವಾಗ ಅನೇಕ ವಿದ್ಯಾರ್ಥಿಗಳು ಪ್ರಶ್ನೆಯಲ್ಲಿನ ಪದ ಕಂಡ ಸಾಲನ್ನೇ ನಕಲು ಮಾಡುತ್ತಾರೆ. ಅಂಕ ಕೈತಪ್ಪುವುದು ಇಲ್ಲಿಯೇ.

ಗದ್ಯಭಾಗ ಹೀಗಿದೆಯೆನ್ನೋಣ: 'ಕೆರೆಯ ಹೂಳನ್ನು 10 ವರ್ಷಗಳಿಂದ ತೆಗೆದಿರಲಿಲ್ಲ. ಆ ವರ್ಷ ಮಳೆ ಚೆನ್ನಾಗಿಯೇ ಸುರಿಯಿತು. ಆದರೂ ಯುಗಾದಿಗೆ ಮೊದಲೇ ಕೆರೆ ಬತ್ತಿತು.' ಕೆರೆ ಬತ್ತಲು ಕಾರಣವೇನೆಂಬುದು ಪ್ರಶ್ನೆ.

'ಬತ್ತಿತು' ಎಂಬ ಪದವಿರುವ ಕೊನೆಯ ಸಾಲಿನಲ್ಲಿ ಕಾರಣವಿಲ್ಲ. ಎರಡನೆಯ ಸಾಲು ಮಳೆಯ ಕೊರತೆಯನ್ನು ತಳ್ಳಿಹಾಕುತ್ತದೆ. ಉಳಿಯುವ ಆಧಾರ ಮೊದಲ ಸಾಲಿನ ಹೂಳು. ಅದಕ್ಕೆ ಅಡಿಗೆರೆ ಎಳೆದು, ಗದ್ಯವನ್ನು ನೋಡದೆ ಬರೆಯಬೇಕು: 'ಹೂಳು ತುಂಬಿದ್ದರಿಂದ ಕೆರೆಯಲ್ಲಿ ಹೆಚ್ಚು ನೀರು ನಿಲ್ಲಲಿಲ್ಲ, ಹೀಗಾಗಿ ಒಳ್ಳೆಯ ಮಳೆಯಾದರೂ ಬೇಗ ಬರಿದಾಯಿತು.'

ಬಳಿಕ ಉತ್ತರವನ್ನು ಗದ್ಯದೊಡನೆ ಹೋಲಿಸಬೇಕು. ಹೆಸರು, ಇಸವಿ, ಅಂಕಿ ಬದಲಾಗಕೂಡದು. 'ಜನ ನೀರನ್ನು ಪೋಲು ಮಾಡಿದರು' ಎಂಬಂತಹ ಮಾತು ನುಸುಳಿದ್ದರೆ ಅದಕ್ಕೆ ಗದ್ಯದಲ್ಲಿ ಆಧಾರವಿಲ್ಲ, ಹೊಡೆದುಹಾಕಬೇಕು.