ನಿಮ್ಮ ಮಹಡಿಗೆ ಮೊಬೈಲ್ ಗೋಪುರ: ಹಣ ಕೊಡಬೇಕಾದವರು ಯಾರು?

'ನಿಮ್ಮ ಮಹಡಿ ಗೋಪುರಕ್ಕೆ ಆಯ್ಕೆಯಾಗಿದೆ. ಮುಂಗಡ 20 ಲಕ್ಷ, ತಿಂಗಳ ಬಾಡಿಗೆ 30 ಸಾವಿರ. ನೋಂದಣಿಗೆ 2,500 ರೂಪಾಯಿ ಕಟ್ಟಿರಿ' ಎಂಬ ಸಂದೇಶ ನಿಮಗೆ ಬಂದಿದೆ ಎನ್ನಿ. ಆಯ್ಕೆ ನಡೆದದ್ದು ಹೇಗೆ?

ಸಂಕೇತ ದುರ್ಬಲವಾಗಿರುವ ಅಥವಾ ಬಳಕೆಯ ಒತ್ತಡ ಹೆಚ್ಚಿರುವ ಪ್ರದೇಶವನ್ನು ಕಂಪನಿಯ ರೇಡಿಯೋ ಎಂಜಿನಿಯರುಗಳು ಮೊದಲು ಗುರುತಿಸುತ್ತಾರೆ. ನಕ್ಷೆಯಲ್ಲಿ ಅಲ್ಲೊಂದು ಸಣ್ಣ ವೃತ್ತ ಎಳೆದು, ಅದರೊಳಗಿನ ಕಟ್ಟಡಗಳನ್ನು ನೋಡಲು ಅವರ ಕಡೆಯವರೇ ಬರುತ್ತಾರೆ. ಎತ್ತರವನ್ನೂ ಸುತ್ತಲಿನ ಅಡೆತಡೆಗಳನ್ನೂ ಗಮನಿಸುತ್ತಾರೆ. ಕಂಬ, ತೊಲೆಗಳು ಗೋಪುರದ ಭಾರವನ್ನೂ ಗಾಳಿಯ ಒತ್ತಡವನ್ನೂ ತಾಳಬಲ್ಲವೇ ಎಂದು ಪರೀಕ್ಷಿಸುತ್ತಾರೆ. ಮಹಡಿ ಹತ್ತದೆ ಇದು ಆಗದು. ಹಣವೂ ಕಂಪನಿಯಿಂದ ಮಾಲೀಕರಿಗೆ ಹರಿಯುತ್ತದೆಯೇ ಹೊರತು ಹಿಂದುಮುಂದಾಗಿ ಅಲ್ಲ.

ವಂಚಕರು 2,500ಕ್ಕೆ ನಿಲ್ಲುವುದಿಲ್ಲ. ಅದು ಸಂದ ಮೇಲೆ ಒಪ್ಪಂದದ ಶುಲ್ಕ, ವಿಮೆ, 'ಮುಂಗಡದ ಮೇಲಿನ ತೆರಿಗೆ' ಎಂದು ಮೊತ್ತ ಏರುತ್ತದೆ. ಕೊಟ್ಟದ್ದು ಹೋದೀತೆಂಬ ಅಂಜಿಕೆಯೇ ಮುಂದಿನ ಕಂತನ್ನು ಕಟ್ಟಿಸುತ್ತದೆ. ನಡುವೆ ಟ್ರಾಯ್ ಮೊಹರಿನ 'ನಿರಾಕ್ಷೇಪಣಾ ಪತ್ರ' ಬರುತ್ತದೆ. ಗೋಪುರಕ್ಕೆ ಟ್ರಾಯ್ ಅಂಥ ಪತ್ರ ಕೊಡುವುದೂ ಇಲ್ಲ, ಶುಲ್ಕ ಪಡೆಯುವುದೂ ಇಲ್ಲ. ಪತ್ರವೇ ಮೋಸದ ಸಾಕ್ಷಿ!

ಪತ್ರದಲ್ಲಿ ನಿಜವಾದ ಕಂಪನಿಯ ಹೆಸರಿದ್ದರೂ ನಂಬಬೇಡಿ, ಹೆಸರನ್ನು ಯಾರೂ ಅಚ್ಚು ಹಾಕಿಸಬಹುದು. ಅಲ್ಲಿರುವ ದೂರವಾಣಿಗೆ ಬದಲು, ನೀವೇ ಹುಡುಕಿದ ಕಚೇರಿಯಲ್ಲಿ ವಿಚಾರಿಸಿ. ಹಣ ಕಟ್ಟಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆಮಾಡಿ, ಬ್ಯಾಂಕಿಗೂ ತಿಳಿಸಿ. ವಂಚಕರ ಖಾತೆಯಲ್ಲಿ ಹಣ ಇನ್ನೂ ಉಳಿದಿದ್ದರೆ ಮಾತ್ರ ಅದನ್ನು ತಡೆಹಿಡಿಯಲು ಸಾಧ್ಯ.