ಹನ್ನೊಂದರ ಗುಣಾಕಾರ: ಬಾಯಿಲೆಕ್ಕದ ಒಂದು ಕ್ರಮ

ಎರಡು ಅಂಕಗಳುಳ್ಳ ಯಾವ ಸಂಖ್ಯೆಯನ್ನಾದರೂ ಹನ್ನೊಂದರಿಂದ ಗುಣಿಸಲು ಹಲಗೆ ಬಳಪಗಳ ಅವಶ್ಯಕತೆಯಿಲ್ಲ. ಆ ಎರಡು ಅಂಕಗಳನ್ನು ಮನಸ್ಸಿನಲ್ಲಿಯೇ ತುಸು ಅಗಲಿಸಿ, ಅವುಗಳ ಮೊತ್ತವನ್ನು ನಡುವೆ ಇರಿಸಿದರೆ ಗುಣಲಬ್ಧವು ದೊರೆಯುತ್ತದೆ. ಗುಣ್ಯವು 23 ಆಗಿರಲಿ. ಎರಡು ಮತ್ತು ಮೂರನ್ನು ಕೂಡಿಸಿದರೆ ಐದು. ಐದನ್ನು ನಡುವೆ ಇಟ್ಟರೆ 253. ಇಷ್ಟನ್ನು ಬಲ್ಲವರು ಅನೇಕರುಂಟು. ಆದರೆ ಅವರನ್ನೇ 58ನ್ನು ಹನ್ನೊಂದರಿಂದ ಗುಣಿಸಿರೆಂದು ಕೇಳಿದರೆ ತಡೆದು ನಿಲ್ಲುವುದುಂಟು. ಐದು ಮತ್ತು ಎಂಟು ಕೂಡಿದರೆ ಹದಿಮೂರು. ನಡುವಿನ ಒಂದು ಮನೆಯಲ್ಲಿ ಎರಡು ಅಂಕಗಳು ಹಿಡಿಯಲಾರವು. ಕೆಲವರು ಹದಿಮೂರನ್ನು ಹಾಗೆಯೇ ತುರುಕಿ 5138 ಎನ್ನುತ್ತಾರೆ. ಮತ್ತೆ ಕೆಲವರು ಮೂರನ್ನು ಮಾತ್ರ ಇಟ್ಟು, ಒಂದನ್ನು ಮರೆತು 538 ಎನ್ನುತ್ತಾರೆ. ಒಂದು ಪುಸ್ತಕಕ್ಕೆ 58 ರೂಪಾಯಿಯಂತೆ ಹನ್ನೊಂದು ಪುಸ್ತಕಗಳನ್ನು ಮಾರುವವನು ಹೀಗೆ 538 ಎಂದರೆ ಅವನಿಗೆ ನೂರು ರೂಪಾಯಿ ನಷ್ಟ. ಸರಿಯಾದ ಉತ್ತರ 638.

ಈ ಕ್ರಮಕ್ಕೆ ಆಧಾರವೇನೆಂಬುದನ್ನು ಮೊದಲು ನೋಡೋಣ. ಗುಣಕವನ್ನು ಖಂಡಗಳಾಗಿ ಒಡೆದು ಗುಣಿಸುವ ಪದ್ಧತಿ ನಮ್ಮಲ್ಲಿ ಹಳೆಯದು. 1150ರಲ್ಲಿ ಭಾಸ್ಕರಾಚಾರ್ಯರು ರಚಿಸಿದ 'ಲೀಲಾವತಿ'ಯಲ್ಲಿ 135ನ್ನು 12ರಿಂದ ಗುಣಿಸುವ ಲೆಕ್ಕವಿದೆ. ಅದನ್ನು ಬಿಡಿಸುವ ಬಗೆಗಳಲ್ಲಿ 12ನ್ನು ಎಂಟು ಮತ್ತು ನಾಲ್ಕು ಎಂದು ಒಡೆದು, ಬೇರೆ ಬೇರೆಯಾಗಿ ಗುಣಿಸಿ ಕೂಡಿಸುವುದೂ ಒಂದು. ಹನ್ನೊಂದಕ್ಕೆ ಇದಕ್ಕಿಂತ ಸುಲಭವಾದ ಒಡಕು ಇದೆ: ಹತ್ತು ಮತ್ತು ಒಂದು. 58ರ ಹತ್ತರಷ್ಟು 580, ಒಂದರಷ್ಟು 58. ಇವನ್ನು ಒಂದರ ಕೆಳಗೊಂದು ಬರೆದರೆ ಏಕಸ್ಥಾನದಲ್ಲಿ ಸೊನ್ನೆಯ ಕೆಳಗೆ ಎಂಟು, ದಶಸ್ಥಾನದಲ್ಲಿ ಎಂಟರ ಕೆಳಗೆ ಐದು, ಶತಸ್ಥಾನದಲ್ಲಿ ಐದು ಒಂಟಿಯಾಗಿ ನಿಲ್ಲುತ್ತವೆ. ಅಂದರೆ ಕೊನೆಯ ಅಂಕ ಕೊನೆಯಲ್ಲಿಯೇ ಉಳಿಯಿತು; ಮೊದಲಿನ ಅಂಕ ಶತಸ್ಥಾನಕ್ಕೆ ಏರಿತು; ನಡುವೆ ಎರಡೂ ಅಂಕಗಳು ಸೇರಿದವು. ನೆರೆಯ ಅಂಕಗಳನ್ನು ಕೂಡಿಸುವುದು ಎಂದರೆ ಇದೇ ಹೊರತು ಬೇರೆ ಯಾವ ಚಮತ್ಕಾರವೂ ಅಲ್ಲ.

ನಡುವೆ ಬಂದ ಹದಿಮೂರು ದಶಸ್ಥಾನದ್ದೆಂಬುದನ್ನು ಮರೆಯಬಾರದು. ಅದು ಹದಿಮೂರು ಹತ್ತುಗಳು, ಎಂದರೆ ನೂರ ಮೂವತ್ತು. ಅದರಲ್ಲಿರುವ ನೂರು ಶತಸ್ಥಾನಕ್ಕೆ ಸೇರತಕ್ಕದ್ದು. ಆದುದರಿಂದ ಮೂರನ್ನು ನಡುವೆ ಉಳಿಸಿ, ಕೈಯಲ್ಲಿ ಉಳಿದ ಒಂದನ್ನು ಎಡಗಡೆಯ ಐದಕ್ಕೆ ಕೂಡಿಸಿದರೆ ಆರಾಗುತ್ತದೆ: 638. ಸಂಧಿಯಲ್ಲಿ ಎರಡು ಪದಗಳು ಕೂಡುವ ಎಡೆಯಲ್ಲಿ ಪೂರ್ವಪದದ ಅಂತ್ಯವು ವ್ಯತ್ಯಾಸ ಹೊಂದುವಂತೆ, ಇಲ್ಲಿಯೂ ಮೊತ್ತವು ಹತ್ತನ್ನು ಮುಟ್ಟಿದಾಗ ಪೂರ್ವಾಂಕವು ವ್ಯತ್ಯಾಸ ಹೊಂದುತ್ತದೆ. ಉತ್ತರಾಂಕಕ್ಕೆ ಏನೂ ಆಗುವುದಿಲ್ಲ. ಎರಡು ಅಂಕಗಳ ಮೊತ್ತವು ಹೆಚ್ಚೆಂದರೆ ಹದಿನೆಂಟು. ಆದ್ದರಿಂದ ಕೈಯಲ್ಲಿ ಉಳಿಯುವುದು ಒಂದೇ ಹೊರತು ಎಂದಿಗೂ ಎರಡಾಗುವುದಿಲ್ಲ.

ಕೈಯಲ್ಲಿ ಒಂದು ಉಳಿಯುವುದು ಎಲ್ಲೋ ಒಮ್ಮೆ ಬರುವ ಅಪವಾದವೆಂದು ತಿಳಿಯಬಾರದು. 10ರಿಂದ 99ರವರೆಗೆ ತೊಂಬತ್ತು ಸಂಖ್ಯೆಗಳಿವೆ. ಒಂದರಿಂದ ಆರಂಭವಾಗುವವುಗಳಲ್ಲಿ ಅಂಕಗಳ ಮೊತ್ತ ಹತ್ತನ್ನು ಮುಟ್ಟುವುದು 19 ಒಂದೇ. ಎರಡರಿಂದ ಆರಂಭವಾಗುವವುಗಳಲ್ಲಿ 28 ಮತ್ತು 29 ಎಂಬ ಎರಡು. ಮೂರರಿಂದ ಆರಂಭವಾಗುವವುಗಳಲ್ಲಿ ಮೂರು. ಹೀಗೆಯೇ ಏರುತ್ತಾ ಒಂಬತ್ತರಿಂದ ಆರಂಭವಾಗುವವುಗಳಲ್ಲಿ ಒಂಬತ್ತು. ಒಂದರಿಂದ ಒಂಬತ್ತರವರೆಗೆ ಕೂಡಿಸಿದರೆ ನಲವತ್ತೈದು. ತೊಂಬತ್ತರಲ್ಲಿ ಸರಿಯಾಗಿ ಅರ್ಧ. 23ರಂತಹ ಉದಾಹರಣೆಗಳನ್ನು ಮಾತ್ರ ಕಲಿತವನು ಈ ಕ್ರಮದ ಅರ್ಧವನ್ನು ಮಾತ್ರ ಕಲಿತಂತಾಯಿತು.

ಇಷ್ಟು ತಿಳಿದ ಮೇಲೂ ಬಾಯಿಲೆಕ್ಕದಲ್ಲಿ ತಪ್ಪು ಬೀಳುವುದೇಕೆ? ಹಲಗೆಯ ಮೇಲೆ ಲೆಕ್ಕವು ಬಲದಿಂದ ಎಡಕ್ಕೆ ನಡೆಯುತ್ತದೆ. ಕೈಯಲ್ಲಿ ಉಳಿದದ್ದನ್ನು ಮುಂದಿನ ಮನೆಗೆ ಒಯ್ಯಲು ಅವಕಾಶವಿರುತ್ತದೆ. ನಮ್ಮ ಮಾತು ಎಡದಿಂದ ಬಲಕ್ಕೆ ನಡೆಯುತ್ತದೆ. ಸಂಸ್ಕೃತದಲ್ಲಿ 58ಕ್ಕೆ ಅಷ್ಟಪಂಚಾಶತ್ ಎಂದು ಎಂಟನ್ನು ಮೊದಲು ಹೇಳುವರು. ಕನ್ನಡದಲ್ಲಿ ಐವತ್ತೆಂಟು ಎಂದು ದೊಡ್ಡ ಸ್ಥಾನವೇ ಮೊದಲು ಬರುವುದು. ಗುಣಲಬ್ಧವನ್ನು ಹೇಳುವಾಗಲೂ 'ಆರುನೂರ' ಎಂಬುದು ಮೊದಲು ಬರಬೇಕು. ಅವಸರದಲ್ಲಿ 'ಐನೂರ' ಎಂದು ಆರಂಭಿಸಿದವನಿಗೆ ನಡುವಿನ ಹದಿಮೂರು ಕಂಡಾಗ ಹಿಂದಕ್ಕೆ ಹೋಗಲು ದಾರಿಯಿಲ್ಲ. ಆದುದರಿಂದ ಬಾಯಿಲೆಕ್ಕದ ಕ್ರಮವಿದು: ಮೊದಲು ಕೂಡಿಸಬೇಕು, ಅನಂತರ ನುಡಿಯಬೇಕು.

87ನ್ನು ತೆಗೆದುಕೊಳ್ಳೋಣ. ಏನನ್ನೂ ನುಡಿಯುವ ಮುನ್ನ ಎಂಟು ಮತ್ತು ಏಳನ್ನು ಕೂಡಿಸಿರಿ: ಹದಿನೈದು. ಮೊತ್ತ ಹತ್ತನ್ನು ದಾಟಿದೆ. ಆದುದರಿಂದ ಎಂಟು ಒಂಬತ್ತಾಯಿತು. ಈಗ 'ಒಂಬೈನೂರ' ಎನ್ನಿರಿ. ಹದಿನೈದರಲ್ಲಿ ಉಳಿದ ಐದು ನಡುವಿನ ಅಂಕ, ಕೊನೆಯ ಅಂಕ ಏಳು: ಒಂಬೈನೂರ ಐವತ್ತೇಳು. 870ಕ್ಕೆ 87ನ್ನು ಕೂಡಿಸಿ ನೋಡಿದರೂ ಅದೇ 957.

ಎರಡು ಎಡೆಗಳಲ್ಲಿ ವಿಶೇಷ ಎಚ್ಚರ ಬೇಕು. ಮೊದಲನೆಯದು, ಮೊತ್ತವು ಸರಿಯಾಗಿ ಹತ್ತಾಗುವುದು. 64ರಲ್ಲಿ ಆರು ಮತ್ತು ನಾಲ್ಕು ಸೇರಿ ಹತ್ತು, ಆರು ಏಳಾಯಿತು, ನಡುವೆ ಸೊನ್ನೆ ಉಳಿಯಿತು. ಆ ಸೊನ್ನೆಯನ್ನು ಬಿಟ್ಟು 74 ಎನ್ನಬಾರದು, ಉತ್ತರ 704. ಎರಡನೆಯದು, ಮೊದಲಿನ ಅಂಕ ಒಂಬತ್ತಾಗಿದ್ದು ಕೈಯಲ್ಲಿ ಒಂದು ಉಳಿಯುವುದು. 96ರಲ್ಲಿ ಮೊತ್ತ ಹದಿನೈದು, ಒಂಬತ್ತಕ್ಕೆ ಒಂದು ಸೇರಿ ಹತ್ತು, ಉತ್ತರ 1056. ನಾಲ್ಕು ಅಂಕಗಳ ಉತ್ತರವು 91ರಿಂದ 99ರವರೆಗಿನ ಒಂಬತ್ತು ಸಂಖ್ಯೆಗಳಿಗೆ ಮಾತ್ರ ಬರುತ್ತದೆ. ಅವುಗಳಲ್ಲಿ ಅತ್ಯಂತ ದೊಡ್ಡದು 1089. ಹಾಗಿರುವಾಗ 5138 ಎಂಬ ಉತ್ತರವು ಕಂಡೊಡನೆಯೇ ತ್ಯಾಜ್ಯ.

538ರಂತಹ ತಪ್ಪನ್ನು ಕಂಡುಹಿಡಿಯಲು ಬೇರೊಂದು ಪರೀಕ್ಷೆಯುಂಟು. ಉತ್ತರವು ಮೂರು ಅಂಕಗಳದ್ದಾಗಿದ್ದರೆ ಎರಡು ಕೊನೆಗಳ ಅಂಕಗಳನ್ನು ಕೂಡಿಸಿ, ಅದರಲ್ಲಿ ನಡುವಿನ ಅಂಕವನ್ನು ಕಳೆಯಿರಿ. ಸೊನ್ನೆ ಅಥವಾ ಹನ್ನೊಂದು ಬರಬೇಕು. ಕೈಯಲ್ಲಿ ಒಂದು ಉಳಿಯದ ಲೆಕ್ಕಕ್ಕೆ ಸೊನ್ನೆ, ಉಳಿದ ಲೆಕ್ಕಕ್ಕೆ ಹನ್ನೊಂದು. 253ರಲ್ಲಿ ಎರಡು ಮತ್ತು ಮೂರು ಐದು, ಅದರಲ್ಲಿ ಐದು ಹೋದರೆ ಸೊನ್ನೆ. 638ರಲ್ಲಿ ಆರು ಮತ್ತು ಎಂಟು ಹದಿನಾಲ್ಕು, ಮೂರು ಹೋದರೆ ಹನ್ನೊಂದು. 538ರಲ್ಲಿ ಹತ್ತು ಬರುತ್ತದೆ. ಎಡಕ್ಕೆ ಸೇರಬೇಕಾದ ಒಂದು ಸೇರಲಿಲ್ಲವೆಂದು ತಿಳಿಯಬೇಕು. ನಾಲ್ಕು ಅಂಕಗಳ ಉತ್ತರದಲ್ಲಿ ಒಂದನೆಯ ಮತ್ತು ಮೂರನೆಯ ಅಂಕಗಳ ಮೊತ್ತವು ಎರಡನೆಯ ಮತ್ತು ನಾಲ್ಕನೆಯ ಅಂಕಗಳ ಮೊತ್ತಕ್ಕೆ ಸಮನಾಗಿರಬೇಕು. 1056ರಲ್ಲಿ ಎರಡೂ ಕಡೆ ಆರು.

ಆದರೆ ಈ ಪರೀಕ್ಷೆಗೂ ಒಂದು ಮಿತಿಯುಂಟು. ಉತ್ತರವು ಹನ್ನೊಂದರ ಅಪವರ್ತ್ಯವೇ ಎಂಬುದನ್ನಷ್ಟೇ ಇದು ಹೇಳಬಲ್ಲುದು. 638ನ್ನು ತಿರುವುಮುರುವಾಗಿ 836 ಎಂದರೂ ಇದು ಒಪ್ಪುತ್ತದೆ, ಏಕೆಂದರೆ ಅದು 76ರ ಹನ್ನೊಂದರಷ್ಟು. ಅಂತಹ ತಪ್ಪಿಗೆ ಗುಣ್ಯದ ಹತ್ತರಷ್ಟನ್ನು ನೆನೆಯುವುದೇ ಮದ್ದು. 58ರ ಹತ್ತರಷ್ಟು 580. ಉತ್ತರವು ಅದಕ್ಕಿಂತ 58 ಮಾತ್ರ ಹೆಚ್ಚಾಗಿರಬೇಕು. 836 ಅಷ್ಟು ದೂರ ಹೋಗಲಾರದು.

ಮೂರು ಅಂಕಗಳ ಸಂಖ್ಯೆಗೂ ಇದೇ ಕ್ರಮ ಸಲ್ಲುತ್ತದೆ. ಆದರೆ ಅಲ್ಲಿ ನೆರೆಯ ಜೋಡಿಗಳು ಎರಡಿರುವುದರಿಂದ ಬಲಗಡೆಯ ಒಂದು ನಡುವಿನ ಮೊತ್ತವನ್ನೂ ಹತ್ತಕ್ಕೆ ಏರಿಸಬಹುದು. 456ರಲ್ಲಿ ಮೊತ್ತಗಳು ಒಂಬತ್ತು ಮತ್ತು ಹನ್ನೊಂದು. ಹನ್ನೊಂದರ ಒಂದು ಒಂಬತ್ತನ್ನು ಹತ್ತಾಗಿಸುತ್ತದೆ, ಆ ಹತ್ತು ನಾಲ್ಕನ್ನು ಐದಾಗಿಸುತ್ತದೆ, ಉತ್ತರ 5016. ಅಲ್ಲಿ ಮೊದಲ ಅಂಕವನ್ನು ನುಡಿಯುವ ಮುನ್ನ ಎರಡು ಮೊತ್ತಗಳನ್ನೂ ನೋಡಬೇಕು. ಎರಡು ಅಂಕಗಳ ಸಂಖ್ಯೆಯಲ್ಲಾದರೋ ನೋಡಬೇಕಾದ ಮೊತ್ತ ಒಂದೇ; ಅದು ಹತ್ತನ್ನು ಮುಟ್ಟಿತೇ ಇಲ್ಲವೇ ಎಂಬುದು ನಿಶ್ಚಯವಾದೊಡನೆ ಉಳಿದ ಉತ್ತರವು ತಡೆಯಿಲ್ಲದೆ ನಾಲಗೆಗೆ ಬರುವುದು.