ನೆಟ್‌ವರ್ಕ್ ಹೋದರೂ ಉಳಿಯುವ ನಕ್ಷೆ

ಪ್ರಶ್ನೆ: ಕಪ್ಪತಗುಡ್ಡದ ಕಡೆ ನೆಟ್‌ವರ್ಕ್ ಹೋದಾಗ ಫೋನಿನಲ್ಲಿ ನೀಲಿ ಚುಕ್ಕೆ ಉಳಿಯುತ್ತದೆ, ರಸ್ತೆ ಮಾಯವಾಗುತ್ತದೆ. ಯಾಕೆ?

ಉತ್ತರ: ಚುಕ್ಕೆ ಮೂಡುವುದು ಉಪಗ್ರಹಗಳ ಸಂಕೇತದಿಂದ, ಅದಕ್ಕೆ ಟವರ್ ಬೇಕಿಲ್ಲ. ರಸ್ತೆಯ ಚಿತ್ರ ಮಾತ್ರ ಇಂಟರ್ನೆಟ್‌ನಿಂದ ಬರಬೇಕು. ಹೊಲದ ಸರ್ವೆ ನಂಬರ್ ಗೊತ್ತಿದ್ದೂ ಗ್ರಾಮ ನಕ್ಷೆ ಕೈಯಲ್ಲಿಲ್ಲದ ಹಾಗೆ.

ಆದ್ದರಿಂದ ಗದಗದಲ್ಲೇ ವೈಫೈ ಇರುವಾಗ ಗೂಗಲ್ ಮ್ಯಾಪ್ಸ್‌ನಲ್ಲಿ ನಿಮ್ಮ ಪ್ರೊಫೈಲ್ ಚಿತ್ರ ಒತ್ತಿ, Offline maps, ನಂತರ Select your own map ಆರಿಸಿ. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಲ್ಲವೂ ಚೌಕದೊಳಗೆ ಬರುವಂತೆ ಹೊಂದಿಸಿ Download ಒತ್ತಿ. ಹೀಗೆ ಇಳಿಸಿದ ನಕ್ಷೆ ವಾಹನದ ದಾರಿ ತೋರಿಸುತ್ತದೆ, ನಡಿಗೆಯ ದಾರಿ ತೋರಿಸದು.

 

ಹೊರಡುವ ಮುನ್ನ ಏರೋಪ್ಲೇನ್ ಮೋಡ್ ಹಾಕಿ, ವೈಫೈ ಆಫ್ ಮಾಡಿ, ಮುಂಡರಗಿಗೆ ದಾರಿ ಕೇಳಿ. ಗೆರೆ ಮೂಡದಿದ್ದರೆ ನಕ್ಷೆ ಪೂರ್ತಿ ಇಳಿದಿಲ್ಲ, ಇನ್ನೊಮ್ಮೆ ಇಳಿಸಿ.